ಬಿಎಂಐ 22.5, ರಕ್ತದ ವರದಿ ಹೇಳುವುದು ಬೇರೆ: ಒಳಗಿನ ಕೊಬ್ಬನ್ನು ಅಳೆಯುವುದು ಹೇಗೆ?

ತಂಗಾಳಿ

ನನಗೆ 39 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 63.5 ಕಿಲೋ. ಲೆಕ್ಕ ಹಾಕಿದರೆ ಬಿಎಂಐ 22.5 ಬರುತ್ತದೆ. ಕಚೇರಿಯಿಂದ ಮಾಡಿಸುವ ವಾರ್ಷಿಕ ತಪಾಸಣೆಯ ವರದಿಯಲ್ಲಿ ಈ ಅಂಕಿಯ ಪಕ್ಕ ಪ್ರತಿ ವರ್ಷವೂ ಹಸಿರು ಗುರುತು ಇರುತ್ತದೆ. ಈ ಬಾರಿಯೂ ಇತ್ತು. ಆದರೆ ಅದೇ ವರದಿಯ ಎರಡನೆಯ ಪುಟದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 108, ಎಚ್‌ಬಿಎ1ಸಿ 5.9, ಟ್ರೈಗ್ಲಿಸರೈಡ್ 196, ಎಚ್‌ಡಿಎಲ್ 36 ಎಂದು ಬಂದಿದೆ.

ವೈದ್ಯರು ವರದಿ ನೋಡಿ, "ತೂಕ ಇಳಿಸಿ ಎಂದು ಹೇಳೋಣವೆಂದರೆ ನಿಮ್ಮ ತೂಕ ಸರಿಯಾಗಿಯೇ ಇದೆಯಲ್ಲ" ಎಂದು ಸುಮ್ಮನಾದರು. ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ತೂಕ ಸರಿಯಿದ್ದೂ ಮೈಯಲ್ಲಿ ಕೊಬ್ಬು ಹೆಚ್ಚಿರುವುದನ್ನು ಸಾಮಾನ್ಯ ತೂಕದ ಬೊಜ್ಜು ಎನ್ನುತ್ತಾರೆ ಎಂದು ಎಲ್ಲೋ ಓದಿದೆ. ನನ್ನದು ಅದೇ ಇರಬಹುದೇ? ಇದ್ದರೆ ಖಚಿತಪಡಿಸಿಕೊಳ್ಳುವುದು ಹೇಗೆ? ಮನೆಯಲ್ಲಿ ಕೊಬ್ಬಿನ ಶೇಕಡಾವಾರು ತೋರಿಸುವ ತೂಕದ ಯಂತ್ರವಿದೆ. ಬೆಳಿಗ್ಗೆ 20.6 ತೋರಿಸಿತು, ಅದೇ ಸಂಜೆ ಓಡಿ ಬಂದು ನಿಂತಾಗ 17.8. ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ.

ನೇರನುಡಿ

ಬಿಎಂಐ ಎನ್ನುವುದೇ ಕೆಲಸಕ್ಕೆ ಬಾರದ ಲೆಕ್ಕ. 19ನೆಯ ಶತಮಾನದಲ್ಲಿ ಕೆಟ್ಲೆ ಎಂಬ ಬೆಲ್ಜಿಯಂನ ಗಣಿತಜ್ಞ ಜನಸಮೂಹದ ಸರಾಸರಿ ಹುಡುಕಲು ಹೂಡಿದ ಸೂತ್ರ ಅದು. ಅದನ್ನು ಮರೆತುಬಿಡಿ. ನಿಮ್ಮ ಯಂತ್ರ ಬೆಳಿಗ್ಗೆ 20.6 ತೋರಿಸಿದೆ, ಗಂಡಸರಿಗೆ 25ರ ಒಳಗಿದ್ದರೆ ಸರಿ. ಹಾಗಾಗಿ ನಿಮಗೆ ಕೊಬ್ಬಿನ ಸಮಸ್ಯೆ ಇಲ್ಲ. ಟ್ರೈಗ್ಲಿಸರೈಡ್ ಹಿಂದಿನ ರಾತ್ರಿಯ ಊಟದಿಂದ ಏರಿರಬಹುದು. ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಅಳತೆಪಟ್ಟಿ

ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೆಂಬ ಮಾತು ಸರಿ. ಉಳಿದದ್ದನ್ನು ಒಪ್ಪಲಾರೆ. ಹದಿನೊಂದು ವರ್ಷಗಳಿಂದ ಡೆಕ್ಸಾ ಯಂತ್ರದ ಮೇಲೆ ಜನರನ್ನು ಮಲಗಿಸಿ ಅವರ ಮೈಯ ಕೊಬ್ಬು, ಸ್ನಾಯು, ಎಲುಬನ್ನು ಬೇರೆಬೇರೆಯಾಗಿ ಅಳೆಯುವ ಕೆಲಸ ಮಾಡುತ್ತಿದ್ದೇನೆ. ತಂಗಾಳಿಯವರಂಥ ವರದಿಗಳನ್ನು ಮತ್ತೆ ಮತ್ತೆ ನೋಡುತ್ತೇನೆ. ಸಪೂರ ಕೈಕಾಲು, ಅಂಗಿ ಹಾಕಿಕೊಂಡರೆ ಕಾಣದ ಹೊಟ್ಟೆ, ಪರದೆಯ ಮೇಲೆ ನೋಡಿದರೆ ನಡುಭಾಗದ ತುಂಬ ಕೊಬ್ಬು.

ಬಿಎಂಐ ಸುಳ್ಳು ಹೇಳುವುದಿಲ್ಲ, ಅರ್ಧ ಮಾತ್ರ ಹೇಳುತ್ತದೆ. ಅದನ್ನು ಎರಡು ತುಂಡಾಗಿ ನೋಡಬೇಕು. ನಿಮ್ಮ ಕೊಬ್ಬಿನ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಅಂಕಿ. ಕೊಬ್ಬಲ್ಲದ ಉಳಿದೆಲ್ಲದರ ತೂಕವನ್ನು ಅದೇ ರೀತಿ ಭಾಗಿಸಿದರೆ ಇನ್ನೊಂದು ಅಂಕಿ. ಎರಡನ್ನೂ ಕೂಡಿಸಿದರೆ ಬರುವುದೇ ಬಿಎಂಐ. ಒಂದು ಹೆಚ್ಚಾಗಿ ಇನ್ನೊಂದು ಅಷ್ಟೇ ಕಡಿಮೆಯಾದರೆ ಮೊತ್ತ ಬದಲಾಗುವುದಿಲ್ಲ, ವರದಿಯಲ್ಲಿ ಹಸಿರು ಗುರುತು ಹಾಗೆಯೇ ಉಳಿಯುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆಯೊಂದಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯಾಜ್ಞಿಕ್ ಮತ್ತು ಯೂಡ್ಕಿನ್ ಎಂಬ ಇಬ್ಬರು ವೈದ್ಯ ಸಂಶೋಧಕರು ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಯೂಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇಕಡಾ 21.2. ನಾನು ಹೇಳಿದಂತೆ ತುಂಡು ಮಾಡಿದರೆ ಒಬ್ಬರದು 2 ಮತ್ತು 20.3, ಇನ್ನೊಬ್ಬರದು 4.7 ಮತ್ತು 17.6. ಮೊತ್ತ ಒಂದೇ, ಮೈ ಬೇರೆ.

ತಂಗಾಳಿಯವರೇ, ಯಂತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಟೇಪು ತೆಗೆದುಕೊಂಡು ಹೊಟ್ಟೆಯ ಸುತ್ತಳತೆ ಹೇಳಿ.

ತಂಗಾಳಿ

ಪ್ಯಾಂಟಿನ ಅಳತೆ 32 ಇಂಚು, ಅಂದರೆ ಸುಮಾರು 81 ಸೆಂಟಿಮೀಟರ್. ಕಾಲೇಜು ಬಿಟ್ಟಾಗಿನಿಂದ ಬದಲಾಗಿಲ್ಲ.

ಅಳತೆಪಟ್ಟಿ

ಪ್ಯಾಂಟಿನ ಅಳತೆ ಬೇಡ. ಹೊಟ್ಟೆ ಮುಂದೆ ಬಂದ ಹಾಗೆ ಪ್ಯಾಂಟು ಕೆಳಕ್ಕೆ ಸರಿಯುತ್ತದೆ. ಹೊಟ್ಟೆಯ ಕೆಳಗೆ, ಎಲುಬಿನ ಮೇಲೆ ಕೂರುತ್ತದೆ. ಅಲ್ಲಿ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ. ಅಂಗಡಿಯವರು ಬರೆಯುವ ಅಂಕಿಗೂ ನಿಜವಾದ ಅಳತೆಗೂ ಹೊಂದಾಣಿಕೆಯೂ ಇರುವುದಿಲ್ಲ.

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಬರಿಮೈಯಲ್ಲಿ ಕನ್ನಡಿಯ ಮುಂದೆ ನಿಲ್ಲಿ. ಪಕ್ಕದಲ್ಲಿ ಬೆರಳಾಡಿಸಿ ಕೊನೆಯ ಪಕ್ಕೆಲುಬನ್ನು ಹುಡುಕಿ, ಪೆನ್ನಿನಿಂದ ಚುಕ್ಕಿ ಇಡಿ. ಕೆಳಗೆ ಸೊಂಟದ ಎಲುಬಿನ ಮೇಲಂಚು ಗಟ್ಟಿಯಾಗಿ ಸಿಗುತ್ತದೆ, ಅಲ್ಲಿ ಇನ್ನೊಂದು ಚುಕ್ಕಿ. ಎರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಬೆನ್ನಿನ ಕಡೆ ಟೇಪು ಕೆಳಗೆ ಜಾರುವುದೇ ಹೆಚ್ಚು, ಅದಕ್ಕಾಗಿಯೇ ಕನ್ನಡಿ. ಟೇಪು ಮೈಗೆ ತಾಗಬೇಕು, ಚರ್ಮವನ್ನು ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟು ಆ ಕ್ಷಣದಲ್ಲಿ ಓದಿ. ಎರಡು ಸಲ ಅಳೆಯಿರಿ, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ.

ಬಂದ ಅಂಕಿ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮಗೆ ಆ ಗೆರೆ 84.

ಕಬ್ಬಿಣದಮನೆ

ನನಗೂ ಇದೇ ತೊಂದರೆ. ನನ್ನ ಬಿಎಂಐ 27. ಆರು ವರ್ಷದಿಂದ ಭಾರ ಎತ್ತುವ ವ್ಯಾಯಾಮ ಮಾಡುತ್ತಿದ್ದೇನೆ. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಐದು ಸೆಂಟಿಮೀಟರ್ ಕಡಿಮೆ ಇದೆ. ಆದರೂ ವಿಮೆಯವರು ಅಧಿಕ ತೂಕ ಎಂದು ಬರೆದು ಕಂತು ಹೆಚ್ಚಿಸಿದರು. ನನ್ನದೂ ಸಾಮಾನ್ಯ ತೂಕದ ಬೊಜ್ಜು ಅಲ್ಲವೇ?

ಅಳತೆಪಟ್ಟಿ

ಅಲ್ಲ, ನಿಮ್ಮದು ಇದಕ್ಕೆ ತದ್ವಿರುದ್ಧ. ನಿಮ್ಮಲ್ಲಿ ಎರಡನೆಯ ತುಂಡು, ಅಂದರೆ ಸ್ನಾಯುವಿನ ತುಂಡು ದೊಡ್ಡದು. ಬಿಎಂಐ ನಿಮ್ಮ ಮೇಲೆ ಅನ್ಯಾಯವಾಗಿ ಕೆಂಪು ಗುರುತು ಹಾಕಿದೆ. ತಂಗಾಳಿಯವರಂಥವರಿಗೆ ಹಸಿರು ಗುರುತು ಹಾಕಿ ಮನೆಗೆ ಕಳಿಸುತ್ತದೆ. ನನಗೆ ಹೆಚ್ಚು ಚಿಂತೆ ಎರಡನೆಯವರದು, ಏಕೆಂದರೆ ಅವರನ್ನು ಯಾರೂ ಮತ್ತೆ ಕರೆಯುವುದಿಲ್ಲ.

ತಂಗಾಳಿ

ನೀವು ಹೇಳಿದಂತೆಯೇ ಅಳೆದೆ. ಮೊದಲ ಸಲ 91.5, ಎರಡನೆಯ ಸಲ 91, ಮೂರನೆಯ ಸಲವೂ 91. ಪ್ಯಾಂಟಿನ 81 ಎಲ್ಲಿ, ಇದೆಲ್ಲಿ! ಟೇಪನ್ನು ಕೆಳಗೆ ಜಾರಿಸಿ ಪ್ಯಾಂಟಿನ ಪಟ್ಟಿ ಕೂರುವ ಜಾಗದಲ್ಲಿ ಅಳೆದರೆ 86 ಬಂತು. ಐದು ಬೆರಳಿನ ಅಂತರದಲ್ಲಿ ಐದು ಸೆಂಟಿಮೀಟರ್ ವ್ಯತ್ಯಾಸ. ಎತ್ತರದಿಂದ ಭಾಗಿಸಿದರೆ 0.54.

ಇನ್ನೊಂದು ವಿಷಯ ಹೇಳಬೇಕು. ಮೂರು ವರ್ಷದ ಹಿಂದೆ ನನ್ನ ತೂಕ 66.5 ಕಿಲೋ ಇತ್ತು. ಊಟ ಅರ್ಧಕ್ಕೆ ಇಳಿಸಿ, ವ್ಯಾಯಾಮವೇನೂ ಮಾಡದೆ, ನಾಲ್ಕು ತಿಂಗಳಲ್ಲಿ 9 ಕಿಲೋ ಕಳೆದುಕೊಂಡೆ. ಆಮೇಲೆ ನಿಧಾನವಾಗಿ 6 ಕಿಲೋ ಮರಳಿ ಬಂತು. ಒಟ್ಟಿನಲ್ಲಿ 3 ಕಿಲೋ ಲಾಭ ಎಂದುಕೊಂಡಿದ್ದೆ.

ಸಂಜೆಮಲ್ಲಿಗೆ

ತಂಗಾಳಿಯವರೇ, ನಿಮ್ಮ ಮಾತು ಓದಿ ನಾನೂ ಟೇಪು ಹುಡುಕಿದೆ. ನನಗೆ 52. ಎತ್ತರ 157 ಸೆಂಟಿಮೀಟರ್. 27ನೆಯ ವಯಸ್ಸಿನಲ್ಲಿ 54 ಕಿಲೋ ಇದ್ದೆ, ಇಂದೂ 54 ಕಿಲೋ. ಮನೆಯವರೆಲ್ಲ ಇದನ್ನು ಹೊಗಳುತ್ತಾರೆ, ನನಗೂ ಹೆಮ್ಮೆಯಿತ್ತು. ಹಳೆಯ ಪೆಟ್ಟಿಗೆಯಲ್ಲಿ ದರ್ಜಿ ಬರೆದುಕೊಟ್ಟಿದ್ದ ಅಳತೆ ಚೀಟಿ ಸಿಕ್ಕಿತು. ಆಗ ನಡು 27 ಇಂಚು. ಇವತ್ತು ಅಳೆದರೆ 34. ತೂಕ ಒಂದು ಕಿಲೋ ಕೂಡ ಹೆಚ್ಚಾಗದೆ ಏಳು ಇಂಚು ಎಲ್ಲಿಂದ ಬಂತು?

ಈಚೆಗೆ ನೆಲದಿಂದ ಏಳುವಾಗ ಕೈ ಊರಬೇಕಾಗುತ್ತದೆ. ಡಬ್ಬಿಯ ಬಿಗಿಯಾದ ಮುಚ್ಚಳ ತೆಗೆಯಲು ಮಗಳನ್ನು ಕರೆಯುತ್ತೇನೆ. ವಯಸ್ಸು ಎಂದುಕೊಂಡು ಸುಮ್ಮನಿದ್ದೆ.

ಅಳತೆಪಟ್ಟಿ

ಅಕ್ಕ, ನೀವು ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ಇಪ್ಪತ್ತೈದು ವರ್ಷದಲ್ಲಿ ಕೈಕಾಲಿನಿಂದ ಸ್ನಾಯು ಸ್ವಲ್ಪ ಸ್ವಲ್ಪವಾಗಿ ಹೋಗಿದೆ, ಅಷ್ಟೇ ತೂಕದ ಕೊಬ್ಬು ಹೊಟ್ಟೆಗೆ ಬಂದಿದೆ. ಮುಟ್ಟು ನಿಂತ ಮೇಲೆ ಕೊಬ್ಬು ತೊಡೆ, ನಿತಂಬಕ್ಕಿಂತ ಹೊಟ್ಟೆಯ ಕಡೆ ಹೆಚ್ಚು ಸೇರುತ್ತದೆ. ತಕ್ಕಡಿಗೆ ಈ ಅದಲುಬದಲು ಕಾಣುವುದಿಲ್ಲ. 34 ಇಂಚೆಂದರೆ 86 ಸೆಂಟಿಮೀಟರ್, ನಿಮ್ಮ ಎತ್ತರಕ್ಕೆ 0.55. ನೆಲದಿಂದ ಏಳುವಾಗ ಕೈ ಊರುವುದು, ಮುಚ್ಚಳ ತೆಗೆಯಲಾಗದಿರುವುದು ಸ್ನಾಯುವಿನ ಕಡೆಯ ಸುಳಿವು. ದಯವಿಟ್ಟು ಇದನ್ನು ವಯಸ್ಸಿನ ತಲೆಗೆ ಕಟ್ಟಿ ಬಿಡಬೇಡಿ. ಸಕ್ಕರೆ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಮಾಡಿಸಿ, ಕೈಬಲ ಕಡಿಮೆಯಾಗಿರುವುದನ್ನೂ ವೈದ್ಯರಿಗೆ ಹೇಳಿ.

ತಂಗಾಳಿಯವರದು ಇದೇ ಕತೆ, ಆದರೆ ಬೇಗ ನಡೆದದ್ದು. ಉಪವಾಸದಿಂದ ಇಳಿದ 9 ಕಿಲೋದಲ್ಲಿ ಸ್ನಾಯುವೂ ಸೇರಿತ್ತು. ವ್ಯಾಯಾಮವಿಲ್ಲದೆ ಮರಳಿ ಬಂದ 6 ಕಿಲೋದಲ್ಲಿ ಹೆಚ್ಚಿನದು ಕೊಬ್ಬು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಸ್ನಾಯು ಹೀರಿಕೊಳ್ಳುತ್ತದೆ. ಆ ಕಣಜ ಚಿಕ್ಕದಾಗಿ, ಇತ್ತ ಹೊಟ್ಟೆಯೊಳಗಿನ ಕೊಬ್ಬು ಯಕೃತ್ತಿಗೆ ಹೊರೆಯಾದರೆ ನಿಮ್ಮ ವರದಿಯಲ್ಲಿರುವಂಥ ಅಂಕಿಗಳೇ ಬರುತ್ತವೆ. ಸಕ್ಕರೆ ಸ್ವಲ್ಪ ಏರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ.

ನೇರನುಡಿ

ಹಾಗಾದರೆ ಯಂತ್ರ 20.6 ತೋರಿಸಿದ್ದೇಕೆ? ಅದು ಮೈಯೊಳಗೆ ವಿದ್ಯುತ್ ಹರಿಸಿ ಅಳೆಯುತ್ತದೆ. ಟೇಪಿಗಿಂತ ಅದು ವೈಜ್ಞಾನಿಕವಲ್ಲವೇ?

ಅಳತೆಪಟ್ಟಿ

ಒಳ್ಳೆಯ ಪ್ರಶ್ನೆ, ನಿಧಾನವಾಗಿ ಹೇಳುತ್ತೇನೆ. ಆ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಅತಿ ಸಣ್ಣ ವಿದ್ಯುತ್ ಹರಿಸಿ, ದಾರಿಯಲ್ಲಿ ಎಷ್ಟು ಅಡ್ಡಿಯಾಯಿತು ಎಂಬುದನ್ನು ಮಾತ್ರ ಅಳೆಯುತ್ತದೆ. ಸ್ನಾಯುವಿನಲ್ಲಿ ನೀರು ಹೆಚ್ಚು, ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕೊಬ್ಬು ತಡೆಯುತ್ತದೆ. ಬಂದ ಆ ಒಂದು ಅಂಕಿಯ ಜೊತೆಗೆ ನೀವು ತುಂಬಿದ ಎತ್ತರ, ವಯಸ್ಸು, ಲಿಂಗ, ತೂಕ ಎಲ್ಲವನ್ನೂ ಸೂತ್ರಕ್ಕೆ ಹಾಕಿ ಶೇಕಡಾವಾರನ್ನು ಊಹಿಸುತ್ತದೆ. ಎತ್ತರ ಮತ್ತು ತೂಕ ಸೂತ್ರದೊಳಗೆ ಕುಳಿತಿರುವುದರಿಂದ ಯಾವ ಬಿಎಂಐಯಿಂದ ತಪ್ಪಿಸಿಕೊಳ್ಳಲು ಯಂತ್ರ ಕೊಂಡಿರೋ ಅದೇ ಹಿಂಬಾಗಿಲಿನಿಂದ ಒಳಗೆ ಬಂದಿರುತ್ತದೆ.

ಇನ್ನೂ ಮುಖ್ಯವಾದದ್ದು, ಪಾದದಿಂದ ಪಾದಕ್ಕೆ ಹೋಗುವ ವಿದ್ಯುತ್ ಕಾಲುಗಳಲ್ಲೇ ಸುತ್ತಿ ಬರುತ್ತದೆ. ನಿಮಗೆ ತಿಳಿಯಬೇಕಿರುವುದು ಹೊಟ್ಟೆಯ ವಿಷಯ. ಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಕೊಬ್ಬಿರುವವರಲ್ಲಿ ಯಂತ್ರ ಸುಲಭವಾಗಿ ಕಡಿಮೆ ತೋರಿಸಿಬಿಡುತ್ತದೆ. ಓಡಿ ಬಂದಾಗ ಚರ್ಮ ಬೆಚ್ಚಗಾಗಿ, ರಕ್ತದ ಹರಿವು ಹೆಚ್ಚಿ, ಅಡ್ಡಿ ಇಳಿಯುತ್ತದೆ. ಸಂಜೆಯ 17.8ಕ್ಕೆ ಅದೇ ಕಾರಣ, ಅಷ್ಟು ಹೊತ್ತಿನಲ್ಲಿ ಕೊಬ್ಬೇನೂ ಕರಗಿರಲಿಲ್ಲ.

ನಿಮ್ಮ ಯಂತ್ರದಲ್ಲಿ ಕ್ರೀಡಾಪಟು ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ ಮತ್ತೆ ನಿಂತು ನೋಡಿ.

ತಂಗಾಳಿ

ಈಗಷ್ಟೇ ಮಾಡಿದೆ. ಮೊದಲು 20.4. ಕೆಳಗಿಳಿದು ಆಯ್ಕೆ ಬದಲಿಸಿ ಮತ್ತೆ ಹತ್ತಿದೆ: 15.2. ನಡುವೆ ಒಂದು ನಿಮಿಷವೂ ಆಗಿಲ್ಲ.

ನೇರನುಡಿ

ನನ್ನದರಲ್ಲಿ ನಾಲ್ಕು ಅಂಶ ಕಡಿಮೆಯಾಯಿತು. ಎರಡು ವರ್ಷದಿಂದ ಆ ಆಯ್ಕೆಯಲ್ಲೇ ಅಳೆದುಕೊಳ್ಳುತ್ತಿದ್ದೆ. ನನ್ನ ಮೊದಲ ಉತ್ತರವನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೂ ದಿನವೂ ಒಂದೇ ಹೊತ್ತಿಗೆ ಅಳೆದರೆ ಏರಿಳಿತದ ದಿಕ್ಕಾದರೂ ತಿಳಿಯುತ್ತದೆ ಎಂದು ನನ್ನ ನಂಬಿಕೆ.

ಅಳತೆಪಟ್ಟಿ

ಅದಕ್ಕೆ ನನ್ನ ತಕರಾರಿಲ್ಲ. ಬೆಳಿಗ್ಗೆ, ಖಾಲಿ ಹೊಟ್ಟೆ, ಒಂದೇ ಆಯ್ಕೆ. ವಾರಗಳ ಸರಾಸರಿ ನೋಡಿ, ಒಂದು ದಿನದ ಅಂಕಿ ನೋಡಬೇಡಿ.

ಗೆರೆಎಲ್ಲಿ

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಅಂಕಿಅಂಶದ ಕೆಲಸ ಮಾಡುವವಳು, ನನ್ನ ಸಂದೇಹ ಬೇರೆ. ಶೇಕಡಾ ಎಷ್ಟಾದರೆ ಹೆಚ್ಚು? ನೇರನುಡಿಯವರು ಗಂಡಸರಿಗೆ 25 ಎಂದರು. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬಿಎಂಐ ಸರಿಯಿದ್ದ 6,171 ಜನರ ಮಾಹಿತಿ ನೋಡಿ ಗಂಡಸರಿಗೆ 23.1, ಹೆಂಗಸರಿಗೆ 33.3 ಎಂಬ ಗೆರೆ ಎಳೆಯಿತು. ಆ ಗೆರೆ ಬಂದದ್ದು ಹೇಗೆ? ಅಲ್ಲಿದ್ದವರನ್ನು ಕೊಬ್ಬಿನ ಕ್ರಮದಲ್ಲಿ ನಿಲ್ಲಿಸಿ ಮೇಲಿನ ಮೂರನೆಯ ಒಂದು ಭಾಗವನ್ನು ಹೆಚ್ಚು ಎಂದು ಕರೆದದ್ದರಿಂದ. ಬೇರೆ ಜನರನ್ನು ನಿಲ್ಲಿಸಿದ್ದರೆ ಬೇರೆ ಗೆರೆ ಬರುತ್ತಿತ್ತು. ಆ ಮೇಲಿನ ಗುಂಪಿನಲ್ಲಿ ಸಕ್ಕರೆ, ರಕ್ತದ ಕೊಬ್ಬಿನ ತೊಂದರೆಗಳು ಹೆಚ್ಚಿದ್ದವು ಎಂಬುದು ನಿಜ. ಆದರೆ 23 ದಾಟಿದವರೆಲ್ಲ ರೋಗಿಗಳು ಎಂದು ಅದರರ್ಥವಲ್ಲ.

ಇನ್ನೊಂದು ಮಾತು. ತಂಗಾಳಿಯವರ ರಕ್ತದ ವರದಿ ಈಗಾಗಲೇ ಕೆಟ್ಟಿದೆ, ಟೇಪೂ ಅದನ್ನೇ ಹೇಳಿದೆ. ಇನ್ನು ಡೆಕ್ಸಾ ಮಾಡಿಸಿ ತಿಳಿಯಬೇಕಾದದ್ದೇನು?

ಅಳತೆಪಟ್ಟಿ

ಗೆರೆಯ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡಲಾರೆ. ಎಲ್ಲರೂ ಒಪ್ಪಿದ ಗೆರೆ ಇಲ್ಲ. 23.2 ಬಂದವರನ್ನು ಹೆದರಿಸುವುದೂ 22.9 ಬಂದವರನ್ನು ಸಮಾಧಾನ ಮಾಡಿ ಕಳಿಸುವುದೂ ಎರಡೂ ತಪ್ಪು.

ಡೆಕ್ಸಾ ಇಲ್ಲದೆಯೂ ತಂಗಾಳಿಯವರು ಮುಂದುವರಿಯಬಹುದು. ಟೇಪು ಮತ್ತು ರಕ್ತ ಎರಡೂ ಒಂದೇ ಮಾತು ಹೇಳುವಾಗ ನನ್ನ ಯಂತ್ರಕ್ಕಾಗಿ ಕಾಯುವುದು ಬೇಡ. ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳು, ಮದ್ಯ, ವಂಶದಲ್ಲಿ ಬಂದ ಟ್ರೈಗ್ಲಿಸರೈಡ್ ತೊಂದರೆ ಇಂಥವನ್ನು ವೈದ್ಯರು ಮೊದಲು ನೋಡಲಿ. ಎಲ್ಲವನ್ನೂ ಕೊಬ್ಬಿನ ಮೇಲೆ ಹಾಕುವ ಅವಸರ ಬೇಡ. ಆದರೆ ಇವರು ಒಮ್ಮೆ ಉಪವಾಸ ಮಾಡಿ ಸ್ನಾಯು ಕಳೆದುಕೊಂಡವರು. ಮುಂದಿನ ಸಲ ತೂಕ ಇಳಿದರೆ ಏನು ಇಳಿಯಿತು ಎಂದು ತಿಳಿಯಬೇಕಾದರೆ ಇಂದಿನ ಸ್ನಾಯುವಿನ ಲೆಕ್ಕ ಕೈಯಲ್ಲಿರಬೇಕು. ಡೆಕ್ಸಾ ಬೇಕೆನ್ನುವುದು ಅಷ್ಟಕ್ಕೇ.

ಮಾಡಿಸುವುದಾದರೆ ಚೀಟಿಯಲ್ಲಿ "ಇಡೀ ದೇಹದ ಸಂಯೋಜನೆ" ಎಂದು ಬರೆಸಿಕೊಳ್ಳಿ. ಬರಿದೆ ಡೆಕ್ಸಾ ಎಂದಿದ್ದರೆ ಬೆನ್ನುಮೂಳೆ, ಸೊಂಟದ ಎಲುಬಿನ ಗಟ್ಟಿತನ ಮಾತ್ರ ನೋಡಿ ಕಳಿಸುತ್ತಾರೆ. ಅದರಲ್ಲಿ ಕೊಬ್ಬಿನ ಲೆಕ್ಕ ಬರುವುದಿಲ್ಲ.

ತಂಗಾಳಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ನೀವು ಎಚ್ಚರಿಸಿದ್ದು ಒಳ್ಳೆಯದಾಯಿತು, ಅಲ್ಲಿ ನನ್ನನ್ನು ಎಲುಬಿನ ಪರೀಕ್ಷೆಗೇ ಕೂರಿಸಿದ್ದರು. ಚೀಟಿ ತೋರಿಸಿದ ಮೇಲೆ ಬದಲಿಸಿದರು. ಹತ್ತು ನಿಮಿಷ ಅಲುಗಾಡದೆ ಮಲಗಿದ್ದೆ, ಒಂದು ತೋಳು ತಲೆಯಿಂದ ಕಾಲಿನವರೆಗೆ ಮೇಲಿನಿಂದ ಸರಿದು ಹೋಯಿತು.

ಕೊಬ್ಬು 18.4 ಕಿಲೋ, ಅಂದರೆ ಶೇಕಡಾ 29. ಸ್ನಾಯು, ಎಲುಬು, ಉಳಿದದ್ದೆಲ್ಲ 45.1 ಕಿಲೋ. ನೀವು ಹೇಳಿದ ಲೆಕ್ಕ ನಾನೇ ಮಾಡಿದೆ:

```
18.4 / (1.68 × 1.68) = 6.5
45.1 / (1.68 × 1.68) = 16.0
6.5 + 16.0 = 22.5
```

ವರದಿಯ ಚಿತ್ರದಲ್ಲಿ ಕೈಕಾಲು ತೆಳುವಾಗಿವೆ, ನಡುಭಾಗ ದಪ್ಪವಾಗಿದೆ. ಮೂವತ್ತೊಂಬತ್ತು ವರ್ಷ ಈ ಮೈಯೊಳಗೆ ಇದ್ದೂ ಮೊದಲ ಬಾರಿಗೆ ನೋಡಿದ ಹಾಗಾಯಿತು. ರಕ್ತ ಪರೀಕ್ಷೆಯನ್ನೂ ಮತ್ತೆ ಮಾಡಿಸಿದೆ, ಹನ್ನೆರಡು ಗಂಟೆ ಉಪವಾಸವಿದ್ದು. ಟ್ರೈಗ್ಲಿಸರೈಡ್ 188, ಸಕ್ಕರೆ 106. ಥೈರಾಯ್ಡ್ ಸರಿಯಿದೆ. ವೈದ್ಯರು ಈ ಬಾರಿ ಹಸಿರು ಗುರುತು ನೋಡಲಿಲ್ಲ, ಟೇಪು ತರಿಸಿ ತಾವೇ ಅಳೆದರು.

ಅಳತೆಪಟ್ಟಿ

6.5 ಎನ್ನುವುದು ಗಂಡಸರಿಗೆ ಹೆಚ್ಚು. 16 ಕಡಿಮೆ. ಇನ್ನು ಮೇಲೆ ನಿಮ್ಮ ಗುರಿ ತೂಕವಲ್ಲ. ವಾರದಲ್ಲಿ ಎರಡು ಮೂರು ದಿನ ಸ್ನಾಯುವಿಗೆ ಕೆಲಸ ಕೊಟ್ಟು, ಪ್ರೋಟೀನು ಸಾಕಷ್ಟು ತಿಂದರೆ, ಆರು ತಿಂಗಳಲ್ಲಿ ತಕ್ಕಡಿ 63ರಲ್ಲೇ ನಿಂತಿದ್ದರೂ ಟೇಪು ಇಳಿದಿರಬಹುದು. ಆಗ ನಿರಾಶೆಯಾಗಬೇಡಿ. ಮರುಪರೀಕ್ಷೆ ಮಾಡಿಸಿದರೆ ಅದೇ ಯಂತ್ರದಲ್ಲೇ ಮಾಡಿಸಿ, ಬೇರೆ ತಯಾರಿಕೆಯ ಯಂತ್ರಗಳ ಅಂಕಿ ಒಂದಕ್ಕೊಂದು ಹೊಂದುವುದಿಲ್ಲ. ಅರ್ಧ ಕಿಲೋದ ಬದಲಾವಣೆಗೆ ಅರ್ಥ ಹಚ್ಚಬೇಡಿ.

ಸಂಜೆಮಲ್ಲಿಗೆ

ನನ್ನ ಎಚ್‌ಬಿಎ1ಸಿ 6.1 ಬಂತು. ವೈದ್ಯರ ಹತ್ತಿರ ಮಾತಾಡಿ ವ್ಯಾಯಾಮ ಕಲಿಸುವವರ ಬಳಿ ಹೋಗುತ್ತಿದ್ದೇನೆ. ಈಗ ಪ್ರಶ್ನೆ ಮಗಳದು. ಅವಳಿಗೆ 24, ಬಿಎಂಐ 21. ಕಾಲೇಜಿನ ಅಧ್ಯಯನವೊಂದಕ್ಕಾಗಿ ಡೆಕ್ಸಾ ಮಾಡಿದಾಗ ಕೊಬ್ಬು ಶೇಕಡಾ 35 ಬಂದಿದೆ. ಆದರೆ ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಬಹಳ ಕಡಿಮೆ, ರಕ್ತದ ವರದಿ ಪೂರ್ತಿ ಸರಿ. ಕೊಬ್ಬೆಲ್ಲ ತೊಡೆ, ನಿತಂಬದಲ್ಲಿದೆ. ಅವಳಿಗೂ ಇದೇ ಹೆಸರು ಅಂಟಿಸಬೇಕೇ?

ಗೆರೆಎಲ್ಲಿ

ನನ್ನ ಪ್ರಕಾರ ಬೇಡ. ತೊಡೆಯ ಕೊಬ್ಬು ಹೊಟ್ಟೆಯ ಕೊಬ್ಬಿನಂತಲ್ಲ, ಅದಕ್ಕೂ ಸಕ್ಕರೆ ಕಾಯಿಲೆಗೂ ಅಂಥ ನಂಟು ಕಂಡುಬಂದಿಲ್ಲ. ಒಂದು ಶೇಕಡಾವಾರನ್ನು ಹಿಡಿದು ಇಪ್ಪತ್ತನಾಲ್ಕರ ಹುಡುಗಿಗೆ ಬೊಜ್ಜು ಎಂದು ಹೇಳಿದರೆ ಅವಳು ಊಟ ಬಿಡುತ್ತಾಳೆ. ಊಟ ಬಿಟ್ಟರೆ ಏನಾಗುತ್ತದೆ ಎಂದು ತಂಗಾಳಿಯವರೇ ಬರೆದಿದ್ದಾರೆ.

ಅಳತೆಪಟ್ಟಿ

ಹೆಸರು ಅಂಟಿಸುವುದು ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ಏನೂ ಇಲ್ಲ ಎಂದು ಬಿಡಲೂ ಮನಸ್ಸಿಲ್ಲ. ಬಿಎಂಐ 21ರಲ್ಲಿ ಶೇಕಡಾ 35 ಕೊಬ್ಬೆಂದರೆ ಕೊಬ್ಬಲ್ಲದ ತುಂಡು 13.7ಕ್ಕೆ ಇಳಿಯುತ್ತದೆ. ಹೆಣ್ಣುಮಕ್ಕಳಿಗೂ ಅದು ಕಡಿಮೆಯೇ. ಕೊಬ್ಬಿನ ವಿಷಯ ಅವಳ ಮುಂದೆ ಎತ್ತಬೇಡಿ ಅಕ್ಕ. ನೀವು ವ್ಯಾಯಾಮಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ.

ಗೆರೆಎಲ್ಲಿ

ಆ 13.7 ಕೂಡ ಅದೇ ಒಂದು ಪರೀಕ್ಷೆಯಿಂದ ಬಂದದ್ದು. ಅದರ ಮೇಲೆ ಇಷ್ಟು ಭಾರ ಹಾಕುವುದು ನನಗೆ ಸರಿಕಾಣುವುದಿಲ್ಲ. ಜೊತೆಗೆ ಕರೆದುಕೊಂಡು ಹೋಗಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಸಂಜೆಮಲ್ಲಿಗೆ

ನಾಳೆ ಬೆಳಿಗ್ಗೆ ಆರಕ್ಕೆ ಇಬ್ಬರೂ ಹೊರಡುತ್ತೇವೆ. ಅವಳಿಗೆ ನಾನು ಹೇಳಿರುವುದು ಇಷ್ಟೇ: ಡಬ್ಬಿಯ ಮುಚ್ಚಳ ತೆಗೆಯಲು ನನಗೆ ಬಲ ಬೇಕು, ಜೊತೆಗೆ ಬಾ.